ಮಬ್ಬು ಸರಿಸಿದರೆ ಬೆಟ್ಟ ಕಂಡೀತೇ?

ಚಳಿಗಾಲದ ಬೆಳಗ್ಗೆ ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತು ನೈಋತ್ಯಕ್ಕೆ ಮುಖ ಮಾಡಿದರೆ ಒಂದರ ಹಿಂದೊಂದು ಬೆಟ್ಟದ ಸಾಲುಗಳು ಕಾಣುತ್ತವೆ. ಅದೇ ನೋಟದ ಫೋಟೊವನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಹತ್ತಿರದ ಹುಲ್ಲಿನ ಇಳಿಜಾರೊಂದು ಬಿಟ್ಟು ಉಳಿದದ್ದೆಲ್ಲ ಬೂದು ಪಟ್ಟಿಗಳಾಗಿರುತ್ತವೆ. ಹೆಚ್ಚಿನವರು ಆಗ ಲೈಟ್‌ರೂಮಿನಲ್ಲಿ Dehaze ಎಂದು ಬರೆದಿರುವ ಸ್ಲೈಡರನ್ನು ಸೀದಾ ಬಲಕ್ಕೆ ಎಳೆಯುತ್ತಾರೆ. ಬೆಟ್ಟ ಒಂದಿಷ್ಟು ಮೂಡುತ್ತದೆ. ಜೊತೆಗೆ ಆಕಾಶ ಕಡುನೀಲಿಯಾಗುತ್ತದೆ, ಮುಂದಿನ ಹುಲ್ಲು ಕಪ್ಪಾಗುತ್ತದೆ, ದೂರದ ಏಣಿನ ಉದ್ದಕ್ಕೂ ಬಿಳಿ ಅಂಚು ಹುಟ್ಟುತ್ತದೆ. ಈ ಉಪಕರಣವನ್ನು ಹದವಾಗಿ ಬಳಸಬೇಕಾದರೆ ಅದು ಚಿತ್ರಕ್ಕೆ ಏನು ಮಾಡುತ್ತದೆ ಎಂದು ಮೊದಲು ತಿಳಿದಿರಬೇಕು.

ದೂರದ ಬೆಟ್ಟದಿಂದ ಹೊರಟ ಬೆಳಕು ಕ್ಯಾಮೆರಾ ಮುಟ್ಟುವ ಹೊತ್ತಿಗೆ ಎರಡು ಬದಲಾವಣೆ ಆಗಿರುತ್ತವೆ. ದಾರಿಯಲ್ಲಿರುವ ದೂಳು, ಹೊಗೆ, ತೇವದ ಕಣಗಳು ಆ ಬೆಳಕಿನ ಒಂದು ಪಾಲನ್ನು ಚದುರಿಸಿಬಿಡುತ್ತವೆ. ಅದೇ ಕಣಗಳು ಬಿಸಿಲನ್ನು ಕ್ಯಾಮೆರಾ ಕಡೆಗೆ ಚದುರಿಸುವುದರಿಂದ ಬೆಟ್ಟಕ್ಕೆ ಸಂಬಂಧವೇ ಇಲ್ಲದ ಬಿಳಿ ಬೆಳಕೂ ಬಂದು ಸೇರುತ್ತದೆ. ಡಿಹೇಜ್ ಇದನ್ನು ತಿರುಗುಮುರುಗಾಗಿ ಮಾಡುತ್ತದೆ: ಸೇರಿಕೊಂಡ ಬಿಳಿ ಬೆಳಕನ್ನು ಅಂದಾಜು ಮಾಡಿ ಕಳೆಯುತ್ತದೆ, ಉಳಿದ ಅಲ್ಪ ಬೆಳಕನ್ನು ಗುಣಿಸಿ ಹಿಗ್ಗಿಸುತ್ತದೆ. ಕ್ಷೀಣವಾಗಿ ಬರುವ ರೇಡಿಯೊ ಕೇಂದ್ರದ ವಾಲ್ಯೂಮ್ ಏರಿಸಿದಾಗ ಮಾತಿನ ಜೊತೆ ಗೊರಗೊರ ಸದ್ದೂ ಏರುವಂತೆ, ಇಲ್ಲಿ ಬೆಟ್ಟದ ಜೊತೆ ಸೆನ್ಸರಿನ ನಾಯ್ಸ್ ಕೂಡ ಅಷ್ಟೇ ಪಟ್ಟು ಹಿಗ್ಗುತ್ತದೆ.

ಅಂದಾಜು ಎಲ್ಲಿ ತಪ್ಪುತ್ತದೆ ಎಂಬುದೂ ಗೊತ್ತಿರಲಿ. 2009ರಲ್ಲಿ ಕೈಮಿಂಗ್ ಹೆ ಮತ್ತು ಸಂಗಡಿಗರು ಒಂದು ಸರಳ ಗಮನಿಕೆ ಮುಂದಿಟ್ಟರು. ಮಬ್ಬಿಲ್ಲದ ಹೊರಾಂಗಣದ ಚಿತ್ರದಲ್ಲಿ ಆಕಾಶ ಬಿಟ್ಟು ಹೆಚ್ಚಿನ ಸಣ್ಣ ತುಣುಕುಗಳಲ್ಲಿ ಕೆಲವು ಪಿಕ್ಸೆಲ್‌ಗಳಲ್ಲಾದರೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದಾದರೂ ಸೊನ್ನೆಯ ಹತ್ತಿರ ಇರುತ್ತದೆ. ನೆರಳೋ ಗಾಢ ಬಣ್ಣವೋ ಅದಕ್ಕೆ ಕಾರಣ. ಹಾಗಿಲ್ಲದೆ ಮೂರೂ ಮೇಲೆದ್ದಿದ್ದರೆ ಅಲ್ಲಿ ಮಬ್ಬಿದೆ ಎಂದು ಎಣಿಸಬಹುದು. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಇದೇ ದಾರಿ ಹಿಡಿದಿದೆ. ಈ ಲೆಕ್ಕಕ್ಕೆ ಬಿಳಿ ವಸ್ತುವಿಗೂ ಮಬ್ಬಿಗೂ ವ್ಯತ್ಯಾಸ ತಿಳಿಯದು. ಜೋಗದ ನೀರಿನ ಧಾರೆ, ಸುಣ್ಣ ಬಳಿದ ಗುಡಿ, ಬಿಳಿ ಮೋಡ ಇವೆಲ್ಲ ಅದರ ಕಣ್ಣಿಗೆ ಮಬ್ಬೇ. ಇಡೀ ಚಿತ್ರಕ್ಕೆ ಜೋರಾಗಿ ಡಿಹೇಜ್ ಕೊಟ್ಟಾಗ ಜಲಪಾತ ಕೊಳಕು ಬೂದಿಯಾಗುವುದು ಇದರಿಂದಲೇ.

ಮೊದಲು ಪರೀಕ್ಷೆ, ಆಮೇಲೆ ತಿದ್ದುಪಡಿ

ಸ್ಲೈಡರ್ ಮುಟ್ಟುವ ಮೊದಲು ಆ ಬೂದು ಪಟ್ಟಿಯೊಳಗೆ ಏನಾದರೂ ಇದೆಯೇ ನೋಡಿ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರದ ಮೇಲೆ ಮೌಸ್ ಇಟ್ಟರೆ ಹಿಸ್ಟೋಗ್ರಾಮಿನ ಕೆಳಗೆ ಮೂರು ಬಣ್ಣಗಳ ಪ್ರಮಾಣ ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ಬೆಟ್ಟದ ಮೇಲೊಮ್ಮೆ, ಅದಕ್ಕೆ ತಾಗಿದ ಆಕಾಶದ ಮೇಲೊಮ್ಮೆ ಮೌಸ್ ಇಟ್ಟು ಅಂಕಿಗಳನ್ನು ಹೋಲಿಸಿ. ಆಕಾಶ 78, ಬೆಟ್ಟ 73 ಎಂದಿದ್ದರೆ ಕೆಲಸ ಸಾಧ್ಯ. ವ್ಯತ್ಯಾಸ ಒಂದಕ್ಕಿಂತ ಕಡಿಮೆಯಿದ್ದು, ಮೌಸ್ ಸರಿಸಿದಂತೆಲ್ಲ ಅಂಕಿ ಅತ್ತಿತ್ತ ಜಿಗಿಯುತ್ತಿದ್ದರೆ ನೀವು ಓದುತ್ತಿರುವುದು ನಾಯ್ಸನ್ನು. ಮೂರೂ ಅಂಕಿಗಳು 100ಕ್ಕೆ ಹೋಗಿ ನಿಂತಿದ್ದರೆ ಆ ಜಾಗ ಸುಟ್ಟುಹೋಗಿರಬಹುದು. ರಾ ಫೈಲ್ ಆಗಿದ್ದರೆ ಒಮ್ಮೆ ಎಕ್ಸ್‌ಪೋಶರ್ ಇಳಿಸಿ ನೋಡಿ. ಆಗಲೂ ಒಂದೇ ಬಣ್ಣದ ಬಯಲಾಗಿ ಉಳಿದರೆ ಅಲ್ಲಿ ಏನೂ ದಾಖಲಾಗಿಲ್ಲ.

ಇನ್ನೊಂದು ಪರೀಕ್ಷೆ ನನಗೆ ಇದಕ್ಕಿಂತ ನಂಬಿಗಸ್ತ. ಡಿಹೇಜನ್ನು ತಾತ್ಕಾಲಿಕವಾಗಿ +100ಕ್ಕೆ ಒಯ್ದು, ಆ ಬೆಟ್ಟವನ್ನು ನೂರಕ್ಕೆ ನೂರು ಗಾತ್ರದಲ್ಲಿ ನೋಡಿ. ಬಣ್ಣ ಎಷ್ಟೇ ಕೆಟ್ಟಿರಲಿ, ಕಣಿವೆಯ ಗೆರೆಗಳು, ಕಾಡಿನ ಅಂಚು, ಬಿಸಿಲು ಬಿದ್ದ ಮುಖ ಕಂಡವೇ? ಅಥವಾ ಮರಳು ಚೆಲ್ಲಿದಂಥ ಕಾಳುಗಳು ಮಾತ್ರವೇ? ಜೆಪೆಗ್ ಆಗಿದ್ದರೆ ಕಾಳಿನ ಬದಲು ಎಂಟು ಪಿಕ್ಸೆಲ್ ಅಗಲದ ಚೌಕಗಳೂ ಮೆಟ್ಟಿಲು ಮೆಟ್ಟಿಲಾದ ಪಟ್ಟಿಗಳೂ ಕಾಣುತ್ತವೆ. ಆಕಾರ ಕಂಡರೆ ಮುಂದುವರಿಯಿರಿ. ಕಾಳೋ ಚೌಕವೋ ಕಂಡರೆ ಆ ಸಾಲನ್ನು ಇದ್ದ ಹಾಗೆಯೇ ಬಿಟ್ಟುಬಿಡಿ. ಪರೀಕ್ಷೆ ಮುಗಿದ ಮೇಲೆ ಸ್ಲೈಡರನ್ನು ಮತ್ತೆ ಸೊನ್ನೆಗೆ ತನ್ನಿ.

ಮುಳ್ಳಯ್ಯನಗಿರಿಯ ಚಿತ್ರವನ್ನೇ ತಿದ್ದೋಣ

ಶುರುವಿಗೆ ಲೆನ್ಸ್ ಪ್ರೊಫೈಲ್ ತಿದ್ದುಪಡಿ ಹಾಕಿಕೊಳ್ಳಿ. ಲೆನ್ಸಿನಿಂದ ಮೂಲೆಗಳಲ್ಲಿ ಕವಿದ ಕತ್ತಲನ್ನು ಡಿಹೇಜ್ ಇನ್ನೂ ಗಾಢ ಮಾಡುತ್ತದೆ, ಹಾಗಾಗಿ ಅದನ್ನು ಮೊದಲೇ ತೆಗೆಯಬೇಕು. ವೈಟ್ ಬ್ಯಾಲೆನ್ಸ್ ಕೂಡ ಇಲ್ಲಿಯೇ ಸರಿಯಾಗಲಿ. ಸೆನ್ಸರಿನ ಮೇಲೆ ದೂಳು ಕೂತಿದ್ದರೆ ಡಿಹೇಜ್ ಮಾಡಿದ ಮೇಲೆ ಆಕಾಶದಲ್ಲಿ ಕಪ್ಪು ಚುಕ್ಕೆಗಳಾಗಿ ಎದ್ದು ಕಾಣುತ್ತದೆ. ಅವನ್ನು ಅಳಿಸಲು ಹೀಲಿಂಗ್ ಬ್ರಷ್ ಸಾಕು.

ಆಮೇಲೆ ಇಡೀ ಚಿತ್ರಕ್ಕೆ ಡಿಹೇಜ್ ಕೊಡಿ, +10ರಿಂದ +15ರಷ್ಟು ಮಾತ್ರ. ಹತ್ತಿರದ ಹುಲ್ಲಿನ ಮೇಲೆ ಮಬ್ಬೇ ಇಲ್ಲ, ಅದಕ್ಕೆ ಇದಕ್ಕಿಂತ ಹೆಚ್ಚು ಬೇಡ. ನೆರಳು ಕಪ್ಪಾಗಿದ್ದರೆ ಶ್ಯಾಡೋಸ್ ಸ್ಲೈಡರನ್ನು ಒಂದಿಷ್ಟು ಏರಿಸಿ.

ನಿಜವಾದ ಕೆಲಸ ನಡೆಯುವುದು ಮಾಸ್ಕಿನಲ್ಲಿ. ದೂರ ಹೆಚ್ಚಿದಂತೆ ಮಬ್ಬು ದಪ್ಪವಾಗುತ್ತದೆ, ತಿದ್ದುಪಡಿಯೂ ಹಾಗೆಯೇ ಏರಬೇಕು. ಲೀನಿಯರ್ ಗ್ರೇಡಿಯೆಂಟನ್ನು ಆಕಾಶದ ಕಡೆಯಿಂದ ಕೆಳಕ್ಕೆ ಎಳೆದು, ಅದರ ಪ್ರಭಾವ ಮೊದಲ ಸಾಲಿನ ಬುಡದಲ್ಲಿ ಮುಗಿಯುವಂತೆ ಮಾಡಿ. ಆ ಮಾಸ್ಕಿನಿಂದ ಆಕಾಶವನ್ನು ಕಳೆಯಲು ‘ಸಬ್‌ಟ್ರ್ಯಾಕ್ಟ್’ ಒತ್ತಿ ‘ಸೆಲೆಕ್ಟ್ ಸ್ಕೈ’ ಆರಿಸಿ. ಮಬ್ಬಿನಲ್ಲಿ ಬೆಟ್ಟಕ್ಕೂ ಆಕಾಶಕ್ಕೂ ನಡುವಿನ ಗೆರೆ ಮಸುಕಾಗಿರುವುದರಿಂದ ಅದು ದೂರದ ಸಾಲನ್ನೂ ಆಕಾಶವೆಂದು ಹಿಡಿದುಬಿಡಬಹುದು. ಹಾಗಾದರೆ ಬ್ರಷ್‌ನಿಂದ ಆ ಸಾಲನ್ನು ಮತ್ತೆ ಸೇರಿಸಿ. ಈ ಮಾಸ್ಕಿನೊಳಗೆ ಡಿಹೇಜ್ +30ರ ಆಸುಪಾಸಿನಲ್ಲಿ ನಿಲ್ಲಿಸಿ.

ಈಗ ಪಕ್ಕದ ಪರಿಣಾಮಗಳನ್ನು ಸರಿಪಡಿಸಬೇಕು. ದೂರದ ಸಾಲುಗಳು ಅತಿಯಾಗಿ ನೀಲಿಯಾಗಿರುತ್ತವೆ, ಏಕೆಂದರೆ ಸಣ್ಣ ಕಣಗಳು ನೀಲಿ ಬೆಳಕನ್ನೇ ಹೆಚ್ಚು ಚದುರಿಸುತ್ತವೆ. ಆ ನೀಲಿಯನ್ನೂ ಡಿಹೇಜ್ ಹಿಗ್ಗಿಸಿದೆ. ಅದೇ ಮಾಸ್ಕಿನಲ್ಲಿ ಟೆಂಪರೇಚರನ್ನು ಸ್ವಲ್ಪ ಹಳದಿಯತ್ತ ಸರಿಸಿ, ಸ್ಯಾಚುರೇಶನ್ 10ರಷ್ಟು ಇಳಿಸಿ, ನಾಯ್ಸ್ ಸ್ಲೈಡರನ್ನು ಏರಿಸಿ. ಶಾರ್ಪ್‌ನೆಸ್ ಮಾತ್ರ ಏರಿಸಬೇಡಿ, ಅಲ್ಲಿ ಶಾರ್ಪ್ ಆಗುವುದು ಕಾಳುಗಳೇ. ಕೊನೆಗೆ ಏಣಿನ ಗೆರೆಯನ್ನು ಹತ್ತಿರದಿಂದ ನೋಡಿ, ಬಿಳಿ ಅಂಚು ಕಂಡರೆ ಮಾಸ್ಕಿನ ಡಿಹೇಜನ್ನು ಐದೈದರಂತೆ ಇಳಿಸುತ್ತ ಬನ್ನಿ. ಅಂಚು ಮಾಯವಾದ ಅಂಕಿಯೇ ಈ ಚಿತ್ರದ ಮಿತಿ.

ಡಾರ್ಕ್‌ಟೇಬಲ್‌ನಲ್ಲಿ ‘ಹೇಜ್ ರಿಮೂವಲ್’ ಎಂಬ ವಿಭಾಗ ತೆರೆದರೆ ಸ್ಟ್ರೆಂಗ್ತ್ ಮತ್ತು ಡಿಸ್ಟೆನ್ಸ್ ಎಂಬ ಎರಡು ಸ್ಲೈಡರ್ ಸಿಗುತ್ತವೆ. ಎಷ್ಟು ದೂರದವರೆಗೆ ಮಬ್ಬು ತೆಗೆಯಬೇಕು ಎಂದು ಎರಡನೆಯದರಲ್ಲಿ ಹೇಳಬಹುದು.

ಎಲ್ಲಿಯವರೆಗೆ ಸಾಧ್ಯ?

ಬೆಟ್ಟಕ್ಕೂ ಆಕಾಶಕ್ಕೂ ಇರುವ ವ್ಯತ್ಯಾಸ ಶೇ 2ಕ್ಕೆ ಇಳಿಯುವ ದೂರವನ್ನು ಹವಾಮಾನದ ಲೆಕ್ಕದಲ್ಲಿ ಗೋಚರತೆಯ ದೂರ ಎಂದು ತೆಗೆದುಕೊಳ್ಳುವ ಹಳೆಯ ಪದ್ಧತಿಯೊಂದಿದೆ. ಅದನ್ನು ನಮ್ಮ ಚಿತ್ರಕ್ಕೆ ಹಚ್ಚೋಣ. ಆ ದಿನ ಗೋಚರತೆ 20 ಕಿ.ಮೀ. ಇತ್ತು ಎಂದಿಟ್ಟುಕೊಳ್ಳಿ. 10 ಕಿ.ಮೀ. ದೂರದ ಸಾಲಿನಲ್ಲಿ ಮೂಲ ವ್ಯತ್ಯಾಸದ ಶೇ 14ರಷ್ಟು ಉಳಿದಿರುತ್ತದೆ. ಜೆಪೆಗ್ ಫೈಲಿನ 256 ಮೆಟ್ಟಿಲುಗಳಲ್ಲಿ ಆಕಾಶ 200ರಲ್ಲಿದ್ದರೆ, ಕಪ್ಪಾದ ಬೆಟ್ಟವೂ 187ರ ಹತ್ತಿರ ಇರುತ್ತದೆ. ಹದಿಮೂರು ಮೆಟ್ಟಿಲು ಸಿಕ್ಕವು, ಡಿಹೇಜ್ ಇದನ್ನು ಚೆನ್ನಾಗಿ ಎತ್ತಿಕೊಡುತ್ತದೆ. 20 ಕಿ.ಮೀ. ದೂರದಲ್ಲಿ ಉಳಿಯುವುದು ಎರಡೇ ಮೆಟ್ಟಿಲು. ಬೆಟ್ಟದ ಹೊರಗೆರೆ ಬರಬಹುದು; ಅದರೊಳಗಿನ ಕಾಡು, ಕಣಿವೆ ಜೆಪೆಗ್‌ನಲ್ಲಂತೂ ಬಾರವು, ಏಕೆಂದರೆ ಅವುಗಳ ನಡುವಿನ ವ್ಯತ್ಯಾಸ ಆ ಎರಡು ಮೆಟ್ಟಿಲುಗಳ ಒಳಗೇ ಅಡಗಬೇಕು. 14 ಬಿಟ್ ರಾ ಫೈಲಿನಲ್ಲಿ ಮೆಟ್ಟಿಲುಗಳು 16,384. ಹಾಗಾಗಿ ಅಲ್ಲಿ ಇನ್ನಷ್ಟು ಹೊರಬರುತ್ತದೆ, ಆದರೆ ನಾಯ್ಸ್ ಇರುವವರೆಗೆ ಮೆಟ್ಟಿಲು ಹೆಚ್ಚಿದಷ್ಟೂ ಲಾಭ ಎನ್ನಲಾಗದು.

ಮುಳ್ಳಯ್ಯನಗಿರಿಯಿಂದ ಕುದುರೆಮುಖ ನೇರ ಗೆರೆಯಲ್ಲಿ 50 ಕಿ.ಮೀ.ಗೂ ಹೆಚ್ಚು ದೂರ. ಅಂಥ ದಿನ ಅದರ ಗುರುತು ಕ್ಯಾಮೆರಾ ತಲುಪುವಾಗ ಹತ್ತು ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ. ಸೆನ್ಸರಿನ ನಾಯ್ಸ್ ಅದಕ್ಕಿಂತ ಎಷ್ಟೋ ದೊಡ್ಡದು. ಕುದುರೆಮುಖ ಆ ಫೈಲಿನಲ್ಲಿ ಅಡಗಿ ಕೂತಿಲ್ಲ, ಅದು ಫೈಲಿಗೆ ಬಂದೇ ಇಲ್ಲ.

ಮಂಜಿನ ಮಾತು ಇನ್ನೂ ಬಿಗಿ. ಗೋಚರತೆ ಒಂದು ಕಿ.ಮೀ.ಗಿಂತ ಕಡಿಮೆಯಾದರೆ ಮಾತ್ರ ಅದನ್ನು ಮಂಜು ಎನ್ನುತ್ತಾರೆ. ಆಗುಂಬೆಯ ಘಾಟಿಯಲ್ಲಿ 200 ಮೀಟರ್ ಕಾಣುವ ಮಂಜಿದ್ದರೆ 400 ಮೀಟರ್ ಆಚೆಯ ಮರಕ್ಕೆ ಉಳಿಯುವುದು ಶೇ 2ರ ಶೇ 2, ಅಂದರೆ ಹತ್ತು ಸಾವಿರದಲ್ಲಿ ನಾಲ್ಕು ಪಾಲು. ಜೆಪೆಗ್‌ನಲ್ಲಿ ಅದು ಒಂದು ಮೆಟ್ಟಿಲೂ ಆಗದು. ಮಂಜಿನ ಹನಿಗಳು ದೊಡ್ಡವು, ಎಲ್ಲ ಬಣ್ಣಗಳನ್ನೂ ಒಂದೇ ಸಮ ಚದುರಿಸುತ್ತವೆ. ಮಬ್ಬಿನಲ್ಲಿ ಕೆಂಪು ಚಾನೆಲ್ ನೀಲಿಗಿಂತ ಒಂದಿಷ್ಟು ತಿಳಿಯಾಗಿ ಸಿಗುತ್ತದೆ, ಮಂಜಿನಲ್ಲಿ ಆ ಆಸರೆಯೂ ಇಲ್ಲ. ಮಂಜಿನ ಚಿತ್ರದಲ್ಲಿ ಹತ್ತಿರದ ಮರಕ್ಕೆ ಮಾತ್ರ ಮಾಸ್ಕ್ ಹಾಕಿ +10ರಷ್ಟು ಕೊಟ್ಟು, ಹಿಂದಿನ ಬಿಳುಪನ್ನು ಮುಟ್ಟದೆ ಬಿಡುವುದೇ ನನಗೆ ಸರಿ ಕಾಣುತ್ತದೆ.

ಸ್ಥಳದಲ್ಲಿಯೇ ಮಾಡಬಹುದಾದ್ದು

ಫೈಲಿಗೆ ಹೆಚ್ಚು ತುಂಬಿಸಿಕೊಳ್ಳುವ ಅವಕಾಶ ಶಟರ್ ಒತ್ತುವಾಗಲೇ ಇರುತ್ತದೆ. ರಾ ಆಗಿ ತೆಗೆಯಿರಿ, ಐಎಸ್‌ಒ ಆದಷ್ಟು ಕೆಳಗಿರಲಿ. ಮಬ್ಬಿನ ದೃಶ್ಯದ ಹಿಸ್ಟೋಗ್ರಾಮ್ ಕಿರಿದಾಗಿ ನಡುವೆ ಗುಡ್ಡೆಯಾಗಿರುತ್ತದೆ. ಆ ಗುಡ್ಡೆ ಬಲತುದಿಗೆ ತಾಗದಷ್ಟು ಎಕ್ಸ್‌ಪೋಶರ್ ಏರಿಸಿದರೆ ಹೆಚ್ಚು ಬೆಳಕು ಸೇರಿ ನಾಯ್ಸಿನ ಪಾಲು ಇಳಿಯುತ್ತದೆ. ಪೋಲರೈಸರ್ ಫಿಲ್ಟರನ್ನು ಸೂರ್ಯನಿಗೆ ಅಡ್ಡವಾದ ದಿಕ್ಕಿನಲ್ಲಿ ತಿರುಗಿಸಿ ನೋಡಿದರೆ ಮಬ್ಬು ಕಣ್ಣೆದುರೇ ತಗ್ಗುವುದು ತಿಳಿಯುತ್ತದೆ. ಮಂಜಿಗೆ ಅದರಿಂದ ಪ್ರಯೋಜನವಿಲ್ಲ. ಟ್ರೈಪಾಡ್ ಇದ್ದರೆ ಒಂಬತ್ತು ಫ್ರೇಮ್ ತೆಗೆದು ಮನೆಯಲ್ಲಿ ಸರಾಸರಿ ಮಾಡಬಹುದು, ಆಗ ನಾಯ್ಸ್ ಮೂರನೇ ಒಂದಕ್ಕೆ ಇಳಿಯುತ್ತದೆ. ಆ 20 ಕಿ.ಮೀ. ಸಾಲಿನ ಹೊರಗೆರೆಗೆ ಇದು ಸಾಕಾದೀತು. ಕುದುರೆಮುಖವೇ ಬೇಕಿದ್ದರೆ ಮಳೆ ದೂಳು ತೊಳೆದು ಬಾನು ತಿಳಿಯಾದ ಮರುದಿನ ಬೆಳಗ್ಗೆ ಮತ್ತೆ ಹತ್ತಬೇಕು.