ವಾರ್ಷಿಕ ವರದಿಯ ಒಕ್ಕಣೆಯನ್ನೂ ತಖ್ತೆಯನ್ನೂ ತಾಳೆ ನೋಡುವ ಕ್ರಮ

ವ್ಯವಸಾಯಕ್ಕೆ ಸಂಬಂಧಿಸಿದ ವಾರ್ಷಿಕ ವರದಿಯಲ್ಲಿ ಒಂದೇ ಫಸಲಿನ ಹುಟ್ಟುವಳಿಯು ಸಾಮಾನ್ಯವಾಗಿ ಮೂರು ಕಡೆಗಳಲ್ಲಿ ಕಂಡುಬರುತ್ತದೆ: ಒಕ್ಕಣೆಯ ವಾಕ್ಯಗಳಲ್ಲಿ, ಅದರೊಡನೆ ಸೇರಿಸಿರುವ ತಖ್ತೆಯಲ್ಲಿ, ಮತ್ತು ರೇಖಾಚಿತ್ರದಲ್ಲಿ. ಇವು ಮೂರೂ ಒಂದೇ ದಿನ ಸಿದ್ಧವಾದವುಗಳೆಂದು ಭಾವಿಸಲಾಗದು. ಒಕ್ಕಣೆಯನ್ನು ಬರೆದಮೇಲೆ ತಖ್ತೆಯನ್ನು ತಿದ್ದಿರಬಹುದು. ಚಿತ್ರವು ಹಳೆಯ ತಖ್ತೆಯಿಂದಲೇ ಉಳಿದುಕೊಂಡಿರಬಹುದು. ಅಂಕಿಗಳು ಹೊಂದದಿರುವಾಗ ಒಂದು ಸುಳ್ಳೆಂದು ಕೂಡಲೇ ತೀರ್ಮಾನಿಸುವುದು ಸರಿಯಲ್ಲ. ಕಣ್ಣಿಗೆ ಮೊದಲು ಬಿದ್ದುದನ್ನು ಎತ್ತಿ ಬರೆದುಕೊಳ್ಳುವುದೂ ಸರಿಯಲ್ಲ.

ಮೊದಲು ನೋಡಬೇಕಾದುದು, ಅಂಕಿಯು ಯಾವ ಅಂದಾಜಿಗೆ ಸೇರಿದುದೆಂಬುದನ್ನು. ಭಾರತದ ೨೦೨೨-೨೩ನೇ ಸಾಲಿನ ಆಹಾರಧಾನ್ಯಗಳ ಹುಟ್ಟುವಳಿಯು, ೨೦೨೩ರ ಮೇ ತಿಂಗಳಲ್ಲಿ ಹೊರಟ ಮೂರನೆಯ ಮುಂಗಡ ಅಂದಾಜಿನಂತೆ ೩೩೦೫.೩೪ ಲಕ್ಷ ಟನ್ನು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟವಾದ ಅಂತಿಮ ಅಂದಾಜಿನಂತೆ ೩೨೯೬.೮೭ ಲಕ್ಷ ಟನ್ನು. ಇವೆರಡರಲ್ಲಿ ಯಾವುದೂ ಅಚ್ಚಿನ ತಪ್ಪಲ್ಲ. ಫಸಲಿನ ಕೊಯ್ಲಿನ ಪರೀಕ್ಷೆಗಳ ಫಲಿತಾಂಶಗಳು ರಾಜ್ಯಗಳಿಂದ ಬಂದು ಸೇರುತ್ತಾ ಹೋದಂತೆ ಅಂದಾಜು ಬದಲಾಗುವುದು ಸಹಜ. ಆದರೆ ವ್ಯತ್ಯಾಸವಾದ ೮.೪೭ ಲಕ್ಷ ಟನ್ನು ಅಲ್ಪವಾದುದಲ್ಲ. ೫೦ ಕಿಲೋಗ್ರಾಂ ಹಿಡಿಯುವ ಚೀಲಗಳಲ್ಲಿ ಇದನ್ನು ತುಂಬಿದರೆ ೧ ಕೋಟಿ ೬೯ ಲಕ್ಷ ೪೦ ಸಾವಿರ ಚೀಲಗಳಾಗುತ್ತವೆ. ಉಗ್ರಾಣಗಳ ಲೆಕ್ಕವನ್ನು ಹಳೆಯ ಅಂಕಿಯ ಮೇಲೆ ಹಾಕಿದವರು, ಇಲ್ಲದ ಧಾನ್ಯಕ್ಕೆ ಸ್ಥಳವನ್ನು ಕಾದಿರಿಸಿದಂತಾಗುವುದು.

ಎರಡು ಅಂದಾಜುಗಳು ಒಂದೇ ವಾಕ್ಯದಲ್ಲಿ ಬೆರೆತುಹೋದಲ್ಲಿ ಅದು ನಿಜವಾದ ತಪ್ಪು. ಇದನ್ನು ಕಂಡುಹಿಡಿಯಲು ಒಂದು ವ್ಯವಕಲನವು ಸಾಕು. ಒಂದು ವರದಿಯ ಒಕ್ಕಣೆಯು, “ಹುಟ್ಟುವಳಿಯು ೩೩೦೫.೩೪ ಲಕ್ಷ ಟನ್ನು. ಹಿಂದಿನ ಸಾಲಿಗಿಂತ ೧೪೦.೭೧ ಲಕ್ಷ ಟನ್ನು ಅಧಿಕ” ಎಂದಿರುವುದೆಂದು ಭಾವಿಸೋಣ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಹಿಂದಿನ ಸಾಲಿನ ಅಂಕಿಯು ೩೧೬೪.೬೩ ಆಗಬೇಕು. ತಖ್ತೆಯಲ್ಲಿ ೨೦೨೧-೨೨ಕ್ಕೆ ಇರುವುದು ೩೧೫೬.೧೬. ಇವೆರಡರ ಅಂತರವು ೮.೪೭, ಅಂದರೆ ಹಳೆಯ ಹಾಗೂ ಹೊಸ ಅಂದಾಜುಗಳ ನಡುವಣ ಅಂತರವೇ. ಮೊತ್ತವು ಮುಂಗಡ ಅಂದಾಜಿನಿಂದಲೂ, ಹೆಚ್ಚಳವು ಅಂತಿಮ ಅಂದಾಜಿನಿಂದಲೂ ಬಂದಿವೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೊತ್ತವನ್ನು ೩೨೯೬.೮೭ ಎಂದು ತಿದ್ದಿದರೆ ಒಕ್ಕಣೆಯೂ ತಖ್ತೆಯೂ ಹೊಂದುತ್ತವೆ.

ಎರಡನೆಯದಾಗಿ ಮಾನವನ್ನು ಗಮನಿಸಬೇಕು. ಧಾನ್ಯಗಳನ್ನು ಟನ್ನುಗಳಲ್ಲಿ ತೋರಿಸುವ ತಖ್ತೆಯಲ್ಲಿಯೇ ಹತ್ತಿಯನ್ನು ಬೇಲುಗಳಲ್ಲಿ ತೋರಿಸುವ ರೂಢಿಯಿದೆ. ಭಾರತದ ಲೆಕ್ಕದಲ್ಲಿ ಹತ್ತಿಯ ಒಂದು ಬೇಲೆಂದರೆ ಬೀಜ ತೆಗೆದ ಅರಳೆ ೧೭೦ ಕಿಲೋಗ್ರಾಂ. ಸೆಣಬಿನ ಬೇಲಾದರೋ ೧೮೦ ಕಿಲೋಗ್ರಾಂ. ೨೦೨೨-೨೩ರಲ್ಲಿ ಹತ್ತಿಯ ಹುಟ್ಟುವಳಿಯು ೩೩೬.೬೦ ಲಕ್ಷ ಬೇಲುಗಳು. ಒಕ್ಕಣೆಯು ಇದನ್ನೇ ೫೭.೨೨ ಲಕ್ಷ ಟನ್ನು ಎಂದು ಹೇಳಿದ್ದರೆ ವಿರೋಧವೇನೂ ಇಲ್ಲ, ೩೩೬.೬೦ನ್ನು ೧೭೦ರಿಂದ ಗುಣಿಸಿ ೧೦೦೦ದಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಅಂಕಣದ ತಲೆಬರಹವನ್ನು ಓದದೆ “೩೩೬ ಲಕ್ಷ ಟನ್ನು ಹತ್ತಿ” ಎಂದು ಬರೆದುಬಿಟ್ಟರೆ ಹುಟ್ಟುವಳಿಯು ಸುಮಾರು ಆರು ಪಾಲಾಗಿ ಬೆಳೆದುಬಿಡುವುದು.

ಕೊನೆಯದಾಗಿ ರೇಖಾಚಿತ್ರ. ಇದರಲ್ಲಿ ಅಂಕಿಗಳು ಸರಿಯಾಗಿದ್ದರೂ ಕಣ್ಣಿಗೆ ತೋರುವ ಪ್ರಮಾಣವು ಒಕ್ಕಣೆಗೆ ವಿರುದ್ಧವಾಗಿರಬಹುದು. ೩೧೫೬.೧೬ರಿಂದ ೩೨೯೬.೮೭ಕ್ಕೆ ಆದ ಹೆಚ್ಚಳವು ಶೇಕಡ ೪.೪೬ ಮಾತ್ರ. ಚಿತ್ರದ ಅಡಿಗೆರೆಯನ್ನು ಸೊನ್ನೆಯ ಬದಲು ೩೧೦೦ಕ್ಕೆ ಇಟ್ಟರೆ ಮೊದಲನೆಯ ಕಂಬವು ೫೬.೧೬ ಪಾಲು ಎತ್ತರವೂ, ಎರಡನೆಯದು ೧೯೬.೮೭ ಪಾಲು ಎತ್ತರವೂ ಆಗಿ, ಧಾನ್ಯವು ಮೂರೂವರೆ ಪಟ್ಟು ಆದಂತೆ ತೋರುತ್ತದೆ. ಆದಕಾರಣ ಕಂಬಗಳ ಎತ್ತರವನ್ನು ನೋಡುವ ಮುಂಚೆ ಎಡಬದಿಯ ಅಳತೆಯು ಯಾವ ಅಂಕಿಯಿಂದ ಆರಂಭವಾಗಿದೆಯೆಂಬುದನ್ನು ನೋಡತಕ್ಕದ್ದು.

ಅಂದಾಜು, ಮಾನ, ಅಡಿಗೆರೆ ಈ ಮೂರನ್ನೂ ಪರಿಶೀಲಿಸಿದ ಮೇಲೆಯೂ ಅಂತರವು ಉಳಿದರೆ, ತಖ್ತೆಯ ಅಂಕಿಯೇ ಸರಿಯೆಂದು ಹಿಡಿಯಲಾಗದು. ತಖ್ತೆಯಲ್ಲಿಯೂ ಅಚ್ಚಿನ ದೋಷಗಳುಂಟು. ಬಿಡಿ ಅಂಕಿಗಳನ್ನು ಕೂಡಿ ತಖ್ತೆಯ ಮೊತ್ತವು ಬರುವುದೇ ಎಂದು ನೋಡಬೇಕು. ಕೊನೆಯ ದಶಾಂಶದಲ್ಲಿ ಮಾತ್ರ ಕಾಣುವ ಅಂತರವು ಅಂಕಿಗಳನ್ನು ಸರಿಹೊಂದಿಸಿ ಬರೆದುದರಿಂದ ಬಂದಿರಬಹುದು. ಅದಕ್ಕೂ ಮಿಗಿಲಾದುದನ್ನು ಪುಟ, ತಖ್ತೆಯ ಸಂಖ್ಯೆ ಮತ್ತು ಎರಡೂ ಅಂಕಿಗಳೊಡನೆ, ವರದಿಯನ್ನು ಹೊರಡಿಸಿದ ಕಚೇರಿಗೆ ಬರೆದು ತಿಳಿಸಿ, ಉತ್ತರ ಬರುವವರೆಗೆ ಆ ಅಂಕಿಯನ್ನು ಉಪಯೋಗಿಸದಿರುವುದು ಯುಕ್ತ.