ಕಟಾಂಜನಕ್ಕೆ ತೂಗಿದ ಕುಂಡಗಳು

ಕುಂಡ ತೂಗುಹಾಕುವ ಕೊಂಡಿಗಳ ಪೊಟ್ಟಣದ ಮೇಲೆ ಮುದ್ರಿತವಾಗಿದ್ದ '10 ಕಿಲೊ' ಎಂಬ ಅಂಕಿಯು ಕೊಂಡಿಯ ಸಾಮರ್ಥ್ಯವನ್ನು ಹೇಳುತ್ತದೆಯೇ ಹೊರತು, ಅದನ್ನು ಹೊರಬೇಕಾದ ಕಟಾಂಜನದ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲವೆಂಬುದು, ಸಂಕೇಶ್ವರದ ನಮ್ಮ ಮನೆಯ ಮಹಡಿಯ ಪಡುವಣ ಗ್ಯಾಲರಿಯಲ್ಲಿ ಆರು ಮೆಣಸಿನ ಗಿಡಗಳನ್ನು ಸಾಕಹೊರಟಾಗ ನನ್ನ ಅರಿವಿಗೆ ಬಂದಿತು. ಊರಿನ ಹೆಸರನ್ನೇ ಹೊತ್ತ ಮೆಣಸಿನಕಾಯಿ ಇರಲು ಗುಲಾಬಿಯನ್ನು ಬೆಳೆಸುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ಎಂಟು ಅಂಗುಲದ ಕುಂಡವೊಂದು ನಾಲ್ಕು ಲೀಟರಿಗಿಂತ ತುಸು ಹೆಚ್ಚು ಮಣ್ಣನ್ನು ಹಿಡಿಯುತ್ತದೆ. ಒಣಗಿದ್ದಾಗ ಸುಮಾರು 6 ಕಿಲೊ ತೂಗುವ ಅದೇ ಕುಂಡ, ಮೃಗಶಿರೆಯ ಮಳೆಯಲ್ಲಿ ತೋಯ್ದ ಮೇಲೆ 8 ಕಿಲೊ ಆಗುತ್ತದೆ. ಆದುದರಿಂದ ತೂಕವನ್ನು ನೀರು ಹಾಕಿದ ಮೇಲೆಯೇ ನೋಡತಕ್ಕದ್ದು. ಅಂತಹ ಆರು ಕುಂಡಗಳು, ಅಂದರೆ 48 ಕಿಲೊ ಭಾರವು, ಕಟಾಂಜನದಿಂದ ಗೇಣಿಗಿಂತ ಕಡಿಮೆ, ಸುಮಾರು 15 ಸೆಂಟಿಮೀಟರ್, ಹೊರಗೆ ತೂಗಿದರೆ, ಮೀಟರ್ ಎತ್ತರದ ಆ ಕಟಾಂಜನದ ತಲೆಯನ್ನು ಯಾರೋ 7 ಕಿಲೊ ಬಲದಿಂದ ಹಗಲಿರುಳು ಹೊರಕ್ಕೆ ನೂಕುತ್ತಿರುವಂತಾಗುತ್ತದೆ. ಬುಡ ಗಟ್ಟಿಯಾಗಿರುವ ಕಂಬಕ್ಕೆ ಇದು ಅಲ್ಪ. ಮುಂಗಾರಿನ ಪಡುವಣ ಗಾಳಿಯೂ ಸೇರಿ, ಬುಡ ಸವೆದಿದ್ದರೆ ಅಲ್ಪವಲ್ಲ.

ಆ ಬುಡವನ್ನು ಪರೀಕ್ಷಿಸಲು ಬಂದ ವೆಲ್ಡಿಂಗ್ ಅಂಗಡಿಯ ಕಾಕಾ, ಪ್ರತಿಯೊಂದು ಕಂಬದ ತಲೆಯನ್ನು ಹಿಡಿದು ಅಲುಗಿಸಿ, ಅದು ನೆಲವನ್ನು ಸೇರುವ ಎಡೆಯಲ್ಲಿ ತುಕ್ಕಿನ ಕಲೆಯನ್ನೂ ಗಿಲಾವಿನ ಬಿರುಕನ್ನೂ ಅರಸಿದರು. ತುಕ್ಕು ಹಿಡಿದ ಕಬ್ಬಿಣವು ಉಬ್ಬಿ ಗಿಲಾವನ್ನು ಸೀಳುವುದರಿಂದ, ಬಿರುಕೇ ಮೊದಲ ಸಾಕ್ಷಿ. ಮೂಲೆಯ ಕಂಬವೊಂದು ಅಲುಗಿತು. ಕೊಂಡಿಗಳನ್ನು ಸ್ಕ್ರೂ ಹಾಕಿ ಬಿಗಿದರೆ ಹೇಗೆಂದು ನಾನು ಕೇಳಲು, "ಪೈಪಿಗೆ ತೂತ ಹಾಕಬ್ಯಾಡ್ರಿ ಸರ್, ನೀರ ಒಳಗ ಹೊಕ್ಕರ ಹೊರಗ ಬರಂಗಿಲ್ಲ" ಎಂದರು. ಟೊಳ್ಳು ಪೈಪಿನ ಒಳಮೈಗೆ ಬಣ್ಣವಿರುವುದಿಲ್ಲ. ಅಲ್ಲಿ ಇಳಿದ ನೀರು ಬುಡದಲ್ಲಿ ನಿಂತು, ಹೊರಗಿನ ಬಣ್ಣವು ಹೊಳೆಯುತ್ತಿರುವಾಗಲೇ ಕಬ್ಬಿಣವನ್ನು ತಿನ್ನುತ್ತದೆ.

ತೂತಿಗೆ ಬದಲಾಗಿ, ಪೈಪನ್ನು ತಬ್ಬುವ ಯು-ಕ್ಲ್ಯಾಂಪುಗಳನ್ನು ರಬ್ಬರಿನ ಪಟ್ಟಿಯಿಟ್ಟು ಬಿಗಿದೆವು. ಎರಡು ಕಂಬಗಳ ನಡುವೆ ಪೈಪು ಬಾಗುವುದರಿಂದ, ಕುಂಡಗಳೆಲ್ಲ ಕಂಬಗಳ ಸಮೀಪಕ್ಕೇ ಸರಿದವು. ತೂಗಿದ್ದು ಗ್ಯಾಲರಿಯ ಒಳಮಗ್ಗುಲಿಗೆ: ನೋಟಕ್ಕೆ ಹೊರಗಿನದೇ ಸೊಗಸೆಂದು ಮನೆಯವರು ಆಕ್ಷೇಪಿಸಿದರಾದರೂ, ಬೀದಿಯಲ್ಲಿ ನಡೆವವರ ತಲೆಯ ಮೇಲೆ 8 ಕಿಲೊ ತೂಗುವ ಸೊಗಸು ನನಗೆ ಸಮ್ಮತವಾಗಲಿಲ್ಲ. ಮಣ್ಣನ್ನು ತಗ್ಗಿಸಿ ತೆಂಗಿನ ನಾರಿನ ಪುಡಿಯನ್ನೂ ಎರೆಗೊಬ್ಬರವನ್ನೂ ಬೆರೆಸಲು, ನೆನೆದ ಕುಂಡದ ತೂಕವು 5 ಕಿಲೊದ ಆಸುಪಾಸಿಗೆ ಇಳಿಯಿತು. ಹಗುರವಾದ ಕುಂಡವನ್ನು ಗಾಳಿ ಸುಲಭವಾಗಿ ಆಡಿಸುವುದರಿಂದ, ಒಂದೊಂದನ್ನೂ ಜಿ.ಐ. ತಂತಿಯಿಂದ ಕಂಬಕ್ಕೆ ಕಟ್ಟಬೇಕಾಯಿತು.

ರಬ್ಬರು ಬಣ್ಣವನ್ನು ಕಾಪಾಡುತ್ತದೆ, ಆದರೆ ತನ್ನಡಿಯಲ್ಲಿ ತೇವವನ್ನೂ ಹಿಡಿದಿಡುತ್ತದೆ. ಅದಕ್ಕಾಗಿ ಮಳೆಗಾಲ ತೀರಿದೊಡನೆ ಕ್ಲ್ಯಾಂಪುಗಳನ್ನು ಸಡಿಲಿಸಿ, ತುಕ್ಕನ್ನು ಉಜ್ಜಿ, ರೆಡ್ ಆಕ್ಸೈಡ್ ಬಳಿದು ಮತ್ತೆ ಬಿಗಿಯುತ್ತೇನೆ. ಮೂಲೆಯ ಕಂಬಕ್ಕೆ ಹೊಸ ಬುಡ ಬರುವವರೆಗೂ ಏನನ್ನೂ ತೂಗಲಿಲ್ಲ. ಅದರ ಪಾಲಿನ ಕುಂಡವನ್ನು ಮೊಮ್ಮಗಳು ಮೆಟ್ಟಿಲು ಮಾಡಿಕೊಂಡು ಕಟಾಂಜನವನ್ನು ಏರದಂತೆ, ಎದುರಿನ ಗೋಡೆಗೆ ತಾಗಿಸಿ ನೆಲದ ಮೇಲಿಟ್ಟೆವು.