ಮೂಲಭೂತ ಹಕ್ಕುಗಳ ಪಾಠ: ಸರಳಗೊಳಿಸುವಾಗ ಉಳಿಯಬೇಕಾದ ಪದಗಳು

ಪೌರನೀತಿಯಲ್ಲಿ ಮೂಲಭೂತ ಹಕ್ಕುಗಳ ಭಾಗವು ಏಳನೆಯ ತರಗತಿಯ ಮಕ್ಕಳಿಗೆ ಕಠಿಣವೆನಿಸುವುದು ಸಹಜ. ಅದನ್ನು ಸುಲಭಗೊಳಿಸುವಾಗ ಯಾವ ಪದವನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬುದನ್ನು ಸಂವಿಧಾನದ 15ನೆಯ ಅನುಚ್ಛೇದವೊಂದನ್ನೇ ತೆಗೆದುಕೊಂಡು ಪರಿಶೀಲಿಸೋಣ.

ಅದರ ಮೊದಲ ಖಂಡದ ಭಾವವು ಪಠ್ಯಗಳಲ್ಲಿ ಸಾಮಾನ್ಯವಾಗಿ ಹೀಗೆ ಬರುತ್ತದೆ: “ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳ ಇವುಗಳಲ್ಲಿ ಯಾವುದರ ಆಧಾರದಿಂದ ಮಾತ್ರವೇ ರಾಜ್ಯವು ಯಾವ ನಾಗರಿಕನ ವಿರುದ್ಧವೂ ತಾರತಮ್ಯ ಮಾಡತಕ್ಕದ್ದಲ್ಲ.” ಇದನ್ನು “ಎಲ್ಲರನ್ನೂ ಒಂದೇ ರೀತಿ ನೋಡಬೇಕು” ಎಂದು ಬದಲಿಸಿದರೆ ವಾಕ್ಯವು ಹಗುರವಾಗುತ್ತದೆ, ಆದರೆ ಅರ್ಥವು ಬೇರೆಯಾಗುತ್ತದೆ.

ಮೊದಲನೆಯದು ‘ರಾಜ್ಯ’ ಎಂಬ ಪದ. ಸಿದ್ದಾಪುರದ ಬಾಲಕನಿಗೆ ರಾಜ್ಯವೆಂದರೆ ಕರ್ನಾಟಕ. ಇಲ್ಲಿಯಾದರೋ 12ನೆಯ ಅನುಚ್ಛೇದದಂತೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು, ಸಂಸತ್ತು, ವಿಧಾನಮಂಡಲ, ಸ್ಥಳೀಯ ಸಂಸ್ಥೆಗಳು ಎಲ್ಲವೂ ಅದರೊಳಗೆ ಬರುತ್ತವೆ. ಆದುದರಿಂದ ಆ ಪದವನ್ನು ಬಿಡಿಸಿ ಬರೆಯಬೇಕೇ ಹೊರತು ಹಾಗೆಯೇ ಇಡಬಾರದು, ತೆಗೆದುಹಾಕಲೂಬಾರದು.

ಎರಡನೆಯದು ‘ಮಾತ್ರವೇ’ ಎಂಬ ಚಿಕ್ಕ ಪದ. ಅದು ಬಿದ್ದುಹೋದರೆ ಮಗುವು ತನ್ನ ಜಿಲ್ಲೆಯಲ್ಲಿಯೇ ಗೊಂದಲಕ್ಕೀಡಾಗುತ್ತದೆ. 2012ರ 98ನೆಯ ತಿದ್ದುಪಡಿಯಿಂದ ಬಂದ 371ಜೆ ಅನುಚ್ಛೇದದ ಮೇರೆಗೆ, ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದವರಿಗೂ ನೆಲೆಸಿದವರಿಗೂ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಯುಂಟು. “ಹುಟ್ಟಿದ ಊರನ್ನು ಲೆಕ್ಕಿಸಲೇಬಾರದು” ಎಂದು ಕಲಿತ ಮಗುವಿಗೆ ಇದು ಸಂವಿಧಾನಬಾಹಿರವೆಂದು ತೋರೀತು. ಈ ಮೀಸಲಾತಿಯು ಜನ್ಮಸ್ಥಳವೆಂಬ ಒಂದೇ ಕಾರಣದಿಂದ ಬಂದುದಲ್ಲ. ಪ್ರದೇಶದ ಹಿಂದುಳಿದಿರುವಿಕೆಯನ್ನು ನೀಗಲು ಸಂವಿಧಾನವೇ ಮಾಡಿದ ಏರ್ಪಾಡು.

ಹೀಗೆ ತಿದ್ದಿದ ಪಾಠವು ಇಂತಿರಬಹುದು: “ಸರ್ಕಾರವಾಗಲಿ, ಶಾಸನಸಭೆಯಾಗಲಿ, ಗ್ರಾಮ ಪಂಚಾಯತಿಯಾಗಲಿ ಯಾವ ನಾಗರಿಕನಿಗೂ ಧರ್ಮ, ಮೂಲವಂಶ, ಜಾತಿ, ಗಂಡು–ಹೆಣ್ಣು ಎಂಬ ಭೇದ, ಹುಟ್ಟಿದ ಊರು ಇಷ್ಟೇ ಕಾರಣದಿಂದ ಭೇದವೆಣಿಸಬಾರದು. ಅಂಗಡಿ, ಹೋಟೆಲು, ಸಾರ್ವಜನಿಕ ಬಾವಿ, ಕೆರೆ, ರಸ್ತೆಗಳನ್ನು ಬಳಸದಂತೆ ಈ ಕಾರಣಗಳಿಗಾಗಿ ಯಾರೂ ತಡೆಯಬಾರದು. ಆದರೆ ಮಹಿಳೆಯರು, ಮಕ್ಕಳು, ಹಿಂದುಳಿದ ವರ್ಗದವರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಮುಂತಾದವರಿಗಾಗಿ ಸರ್ಕಾರವು ವಿಶೇಷ ಏರ್ಪಾಡು ಮಾಡಬಹುದು.” ಮೂಲಕ್ಕಿಂತ ಇದು ಉದ್ದವಾಗಿದೆ, ಆದರೆ ಒಂದೊಂದು ವಾಕ್ಯಕ್ಕೆ ಒಂದೊಂದೇ ವಿಷಯವಿದೆ. ಎರಡನೆಯ ವಾಕ್ಯದಲ್ಲಿ ‘ಸರ್ಕಾರ’ ಎನ್ನದೆ ‘ಯಾರೂ’ ಎಂದಿರುವುದನ್ನು ಗಮನಿಸಬೇಕು. ಈ ನಿಷೇಧವು ಖಾಸಗಿ ಅಂಗಡಿಕಾರನಿಗೂ ಅನ್ವಯಿಸುತ್ತದೆ.

ಅರ್ಥ ಉಳಿದಿದೆಯೇ ಎಂದು ತಿಳಿಯಲು ಮೂರು ಪ್ರಶ್ನೆಗಳನ್ನು ಕೇಳಬಹುದು. ಬಾಲಕಿಯರಿಗೆಂದೇ ಸರ್ಕಾರವು ವಸತಿನಿಲಯ ನಡೆಸಿದರೆ ತಪ್ಪೇ? ಹದಿನಾರು ವರ್ಷದವನಿಗೆ ಮತ ಹಾಕಲು ಬಿಡದಿರುವುದು ಈ ಅನುಚ್ಛೇದದ ಉಲ್ಲಂಘನೆಯೇ? ಜಾತಿಯನ್ನು ಕೇಳಿ ಚಹದಂಗಡಿಯವನು ಒಳಗೆ ಬಿಡದಿದ್ದರೆ? ಮೊದಲ ಎರಡಕ್ಕೆ ‘ಅಲ್ಲ’ವೆಂದೂ ಮೂರನೆಯದಕ್ಕೆ ‘ತಪ್ಪು’ ಎಂದೂ ಉತ್ತರ ಬರಬೇಕು. ಮೊದಲನೆಯದು ತಪ್ಪಿದರೆ ವಿಶೇಷ ಏರ್ಪಾಡಿನ ವಾಕ್ಯವೂ, ಎರಡನೆಯದು ತಪ್ಪಿದರೆ ಕಾರಣಗಳ ಪಟ್ಟಿಯೂ, ಮೂರನೆಯದು ತಪ್ಪಿದರೆ ‘ಯಾರೂ’ ಎಂಬ ಪದವೂ ಮಗುವಿಗೆ ತಲಪಿಲ್ಲವೆಂದು ತಿಳಿದು ಆ ವಾಕ್ಯವನ್ನೇ ಮತ್ತೆ ಬರೆಯತಕ್ಕದ್ದು.